ವರ್ಗ ಸಮೀಕರಣದ ಸೂತ್ರ ಎಲ್ಲಿಂದ ಬಂತು? ವರ್ಗ ಪೂರ್ಣಗೊಳಿಸಿ ನೋಡೋಣ

ಮೊದಲು ಈ ಎರಡು ಸಮೀಕರಣಗಳನ್ನು ನೋಡಿ.

(x + 3)² = 20

x² + 6x − 11 = 0

ಮೊದಲನೆಯದನ್ನು ಬಿಡಿಸಲು ಯಾವ ವಿಧಾನವೂ ಗೊತ್ತಿರಬೇಕಿಲ್ಲ. ಯಾವುದೋ ಒಂದು ಸಂಖ್ಯೆಯ ವರ್ಗ 20 ಆಗಿದೆ, ಹಾಗಾದರೆ ಆ ಸಂಖ್ಯೆ √20 ಅಥವಾ −√20. ಆ ಸಂಖ್ಯೆ x + 3. ಅದರಿಂದ 3 ಕಳೆದರೆ x ಸಿಕ್ಕಿತು. ಎರಡನೆಯದರಲ್ಲಿ ಹೀಗೆ ಮಾಡಲು ಆಗುವುದಿಲ್ಲ. x² ಇದೆ ಎಂದು ವರ್ಗಮೂಲ ತೆಗೆಯಲು ಹೋದರೆ ಪಕ್ಕದಲ್ಲಿರುವ 6x ಅಡ್ಡ ಬರುತ್ತದೆ. 6x ಅನ್ನು ಆಚೆ ಕಳಿಸಿದರೆ x ಎರಡೂ ಬದಿಯಲ್ಲಿ ಕೂರುತ್ತದೆ. ಅಪವರ್ತಿಸೋಣ ಎಂದರೆ, ಗುಣಿಸಿದರೆ −11, ಕೂಡಿದರೆ 6 ಬರುವ ಎರಡು ಪೂರ್ಣಾಂಕಗಳು ಬೇಕು. 11 ಮತ್ತು −1 ತೆಗೆದುಕೊಂಡರೆ ಮೊತ್ತ 10, −11 ಮತ್ತು 1 ತೆಗೆದುಕೊಂಡರೆ −10. ಬೇರೆ ಜೋಡಿಯೇ ಇಲ್ಲ.

ತಮಾಷೆ ಏನೆಂದರೆ, ಇವೆರಡೂ ಒಂದೇ ಸಮೀಕರಣ. ಮೊದಲನೆಯದನ್ನು ಬಿಡಿಸಿ ಬರೆದರೆ x² + 6x + 9 = 20, ಅಂದರೆ x² + 6x − 11 = 0. ಮೊದಲ ರೂಪದಲ್ಲಿ x ಒಂದೇ ಕಡೆ ಕಾಣಿಸಿಕೊಳ್ಳುತ್ತದೆ, ಎರಡನೆಯದರಲ್ಲಿ ಎರಡು ಕಡೆ. ಅಷ್ಟೇ ವ್ಯತ್ಯಾಸ. x ಅನ್ನು ಒಂದೇ ಕಡೆ ಕೂರಿಸಿಬಿಟ್ಟರೆ ಉಳಿದ ಕೆಲಸ ವರ್ಗಮೂಲದ್ದು. ಎರಡನೆಯ ರೂಪದಿಂದ ಮೊದಲನೆಯದಕ್ಕೆ ಬರುವ ದಾರಿಗೇ ವರ್ಗ ಪೂರ್ಣಗೊಳಿಸುವುದು ಎನ್ನುತ್ತಾರೆ.

ಆ 9 ಎಲ್ಲಿಂದ ಬಂತು?

ಸ್ಥಿರಾಂಕವನ್ನು ಬಲಬದಿಗೆ ಕಳಿಸಿ.

x² + 6x = 11

ಈಗ ಒಂದು ಚಿತ್ರ ಬರೆಯಿರಿ. ಹಾಳೆಯ ಮೇಲೆ ಬರೆದೇ ನೋಡಿ, ಸುಮ್ನೆ ಓದಿಕೊಂಡು ಹೋದರೆ ಅರ್ಧ ಮಾತ್ರ ಸಿಗುತ್ತದೆ. x ಬಾಹುವಿನ ಒಂದು ಚೌಕ, ಅದರ ವಿಸ್ತೀರ್ಣ x². ಅದರ ಪಕ್ಕಕ್ಕೆ ಅಂಟಿಕೊಂಡಂತೆ 6 ಅಗಲ, x ಎತ್ತರದ ಒಂದು ಆಯತ, ಅದರ ವಿಸ್ತೀರ್ಣ 6x. ಎರಡೂ ಸೇರಿ ವಿಸ್ತೀರ್ಣ 11.

ಇದು ಉದ್ದನೆಯ ಆಯತ. ನಮಗೆ ಬೇಕಿರುವುದು ಚೌಕ. ಹಾಗಾಗಿ 6 ಅಗಲದ ಆಯತವನ್ನು ಉದ್ದಕ್ಕೆ ಸೀಳಿ, 3 ಅಗಲದ ಎರಡು ಪಟ್ಟಿ ಮಾಡಿ. ಒಂದು ಪಟ್ಟಿ ಚೌಕದ ಬಲಕ್ಕೆ ಇರಲಿ, ಇನ್ನೊಂದನ್ನು ಚೌಕದ ಕೆಳಗೆ ಅಡ್ಡಡ್ಡ ಇಡಿ. ಈಗ ಆಕಾರ ಹೆಚ್ಚುಕಡಿಮೆ x + 3 ಬಾಹುವಿನ ಚೌಕವೇ ಆಗಿದೆ. ಒಂದು ಮೂಲೆ ಮಾತ್ರ ಖಾಲಿ. ಆ ಮೂಲೆ 3 ಅಗಲ, 3 ಎತ್ತರ. ಅದನ್ನು ತುಂಬಲು 9 ಬೇಕು.

ಎಡಬದಿಗೆ 9 ಸೇರಿಸಿದರೆ ಬಲಬದಿಗೂ ಸೇರಿಸಬೇಕು, ಇಲ್ಲದಿದ್ದರೆ ಸಮೀಕರಣವೇ ಬೇರೆ ಆಗಿಬಿಡುತ್ತದೆ.

x² + 6x + 9 = 11 + 9

(x + 3)² = 20

x + 3 = ±√20

x = −3 ± 2√5

√5 ಸುಮಾರು 2.236. ಹಾಗಾಗಿ ಒಂದು ಮೂಲ ಸುಮಾರು 1.472, ಇನ್ನೊಂದು ಸುಮಾರು −7.472.

6ರ ಅರ್ಧ 3, 3ರ ವರ್ಗ 9. "x ನ ಸಹಗುಣಕದ ಅರ್ಧದ ವರ್ಗವನ್ನು ಎರಡೂ ಬದಿಗೆ ಕೂಡಿ" ಎಂದು ನಾವು ಬಾಯಿಪಾಠ ಮಾಡುವ ನಿಯಮ ಇದೇ. ಅರ್ಧ ಯಾಕೆ? ಪಟ್ಟಿ ಎರಡು ಕಡೆಗೆ ಹಂಚಿಹೋಗಬೇಕು, ಅದಕ್ಕೆ. ವರ್ಗ ಯಾಕೆ? ಖಾಲಿ ಉಳಿದ ಮೂಲೆ ಚೌಕ, ಅದಕ್ಕೆ. ಕ್ರಮ ಮುಖ್ಯ: ಮೊದಲು ಅರ್ಧ, ಆಮೇಲೆ ವರ್ಗ. 6ರ ವರ್ಗ 36, ಅದರ ಅರ್ಧ 18 ಎಂದು ತಿರುಗಿಸಿ ಮಾಡಿದರೆ ಮೂಲೆಗೆ ಸಂಬಂಧವೇ ಇಲ್ಲದ ಸಂಖ್ಯೆ ಬರುತ್ತದೆ.

9ನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್-ಖ್ವಾರಿಜ್ಮಿ ಹೀಗೇ ಚೌಕ ಬರೆದು ವಿವರಿಸಿದ್ದ. ಅವನ ಹೆಸರುವಾಸಿ ಉದಾಹರಣೆ, ನಮ್ಮ ಇಂದಿನ ಚಿಹ್ನೆಗಳಲ್ಲಿ, x² + 10x = 39. ಮೂಲೆಗೆ 25 ಬೇಕು, ಒಟ್ಟು 64, ದೊಡ್ಡ ಚೌಕದ ಬಾಹು 8, ಹಾಗಾಗಿ x = 3. ಅವನು ಅಲ್ಲಿಗೇ ನಿಲ್ಲಿಸಿದ. −13 ಕೂಡ ಈ ಸಮೀಕರಣಕ್ಕೆ ಸರಿಹೊಂದುತ್ತದೆ, ಆದರೆ ಚಿತ್ರದಲ್ಲಿ ಬಾಹುವಿನ ಉದ್ದ ಮೈನಸ್ ಆಗುವುದು ಹೇಗೆ? ಚಿತ್ರದ ಮಿತಿ ಇದು. 9 ಎಲ್ಲಿಂದ ಬಂತು ಎಂದು ಅದು ಚೆನ್ನಾಗಿ ತೋರಿಸುತ್ತದೆ, ಎರಡನೆಯ ಮೂಲವನ್ನು ತೋರಿಸುವುದಿಲ್ಲ. ಅದು ಬರುವುದು ± ಬರೆದಾಗ ಮಾತ್ರ. ವರ್ಗಮೂಲ ತೆಗೆಯುವ ಸಾಲಿನಲ್ಲಿ ± ಬಿಟ್ಟುಹೋದರೆ ಅರ್ಧ ಉತ್ತರ ಅಲ್ಲೇ ಕಳೆದುಹೋಗುತ್ತದೆ.

x² ನ ಮುಂದೆ ಬೇರೆ ಸಂಖ್ಯೆ ಇದ್ದರೆ

ಈಗ ಸ್ವಲ್ಪ ಒರಟಾದ ಸಮೀಕರಣ ತೆಗೆದುಕೊಳ್ಳೋಣ. ಇದನ್ನು ಕೊನೆಯ ತನಕ ಮಾಡಿ, ಯಾಕೆಂದರೆ ಮುಂದೆ ಸೂತ್ರ ಬರುವುದು ಇದೇ ಸಾಲುಗಳಿಂದ.

3x² − 5x − 1 = 0

ಇಲ್ಲಿ ನೇರವಾಗಿ 5ರ ಅರ್ಧ ಮಾಡಬೇಡಿ. ನಮ್ಮ ಚಿತ್ರದಲ್ಲಿದ್ದದ್ದು ಒಂದೇ x² ಚೌಕ. ಇಲ್ಲಿ ಮೂರಿವೆ. ಹಾಗಾಗಿ ಮೊದಲ ಹೆಜ್ಜೆ, ಎಲ್ಲ ಪದಗಳನ್ನೂ 3ರಿಂದ ಭಾಗಿಸುವುದು. ಸ್ಥಿರಾಂಕವನ್ನೂ ಬಲಕ್ಕೆ ಕಳಿಸೋಣ.

x² − (5/3)x = 1/3

ಎರಡನೆಯ ಹೆಜ್ಜೆ, 5/3ರ ಅರ್ಧ. ಭಿನ್ನರಾಶಿಯ ಅರ್ಧ ಎಂದರೆ ಛೇದವನ್ನು ಎರಡರಿಂದ ಗುಣಿಸುವುದು: 5/6. ಅದರ ವರ್ಗ 25/36. ಎರಡೂ ಬದಿಗೆ ಕೂಡಿ.

x² − (5/3)x + 25/36 = 1/3 + 25/36

ಮೂರನೆಯದು, ಎಡಬದಿಯನ್ನು ವರ್ಗವಾಗಿ ಬರೆಯುವುದು. x ಪದದ ಚಿಹ್ನೆ ಮೈನಸ್ ಇದ್ದುದರಿಂದ ಆವರಣದೊಳಗೂ ಮೈನಸ್. ಬಲಬದಿಯಲ್ಲಿ 1/3 ಅನ್ನು 12/36 ಎಂದು ಬರೆದರೆ ಛೇದ ಒಂದೇ ಆಗುತ್ತದೆ.

(x − 5/6)² = 12/36 + 25/36 = 37/36

ಕೊನೆಗೆ ವರ್ಗಮೂಲ.

x − 5/6 = ±√37/6

x = (5 ± √37)/6

√37 ಸುಮಾರು 6.083. ಮೂಲಗಳು ಸುಮಾರು 1.847 ಮತ್ತು −0.180.

ಉತ್ತರ ಸರಿಯೇ ಎಂದು ನೋಡಲು ಮೂಲ ಸಮೀಕರಣದಲ್ಲಿ ಹಾಕಿ ಲೆಕ್ಕ ಮಾಡಬಹುದು, ಆದರೆ ವರ್ಗಮೂಲ ಇರುವಾಗ ಅದು ಉದ್ದದ ಕೆಲಸ. ಇದಕ್ಕಿಂತ ಬೇಗ ಆಗುವ ಪರೀಕ್ಷೆ ಇದೆ. ಸಮೀಕರಣವನ್ನು ax² + bx + c = 0 ಎಂದು ಬರೆದಾಗ, ಎರಡು ಮೂಲಗಳನ್ನು ಕೂಡಿದರೆ −b/a ಬರಬೇಕು, ಗುಣಿಸಿದರೆ c/a ಬರಬೇಕು. ಇಲ್ಲಿ ಮೊತ್ತ 10/6, ಅಂದರೆ 5/3, ಸರಿ. ಗುಣಲಬ್ಧ (25 − 37)/36 = −12/36 = −1/3, ಅದೂ ಸರಿ. ಮೊತ್ತದ ಚಿಹ್ನೆ ಮಾತ್ರ ಉಲ್ಟಾ ಬಂದರೆ ಆವರಣದೊಳಗಿನ ಸಂಖ್ಯೆಯನ್ನು ಆಚೆ ಕಳಿಸುವಾಗ ಚಿಹ್ನೆ ತಪ್ಪಿದೆ. ಮೊತ್ತ ಸರಿಯಿದ್ದು ಗುಣಲಬ್ಧ ತಪ್ಪಿದ್ದರೆ ತಪ್ಪು ಬಲಬದಿಯಲ್ಲಿದೆ: ಮೂಲೆಯನ್ನು ಎಡಕ್ಕೆ ಮಾತ್ರ ಕೂಡಿದ್ದೀರಿ, ಅಥವಾ ಸ್ಥಿರಾಂಕವನ್ನು ಭಾಗಿಸಲು ಮರೆತಿದ್ದೀರಿ.

ಸಂಖ್ಯೆಗಳ ಜಾಗದಲ್ಲಿ ಅಕ್ಷರಗಳು

ಮೇಲಿನ ಲೆಕ್ಕದಲ್ಲಿ 3, −5, −1 ಎಂಬ ಸಂಖ್ಯೆಗಳು ಎಲ್ಲಿಯೂ ವಿಶೇಷ ಪಾತ್ರ ವಹಿಸಲಿಲ್ಲ, ಅಲ್ವಾ? ಬೇರೆ ಮೂರು ಸಂಖ್ಯೆ ಇದ್ದರೂ ಹೆಜ್ಜೆಗಳು ಅವೇ. ಹಾಗಿದ್ದ ಮೇಲೆ ಪ್ರತಿ ಸಲ ಅದೇ ಕೆಲಸ ಯಾಕೆ? ಅಕ್ಷರ ಇಟ್ಟು ಒಂದೇ ಸಲ ಮಾಡಿ ಮುಗಿಸೋಣ.

ax² + bx + c = 0

a ಸೊನ್ನೆ ಅಲ್ಲ ಎಂಬುದು ನೆನಪಿರಲಿ. ಅದು ಸೊನ್ನೆ ಆದರೆ ಇದು ವರ್ಗ ಸಮೀಕರಣವೇ ಅಲ್ಲ, a ಯಿಂದ ಭಾಗಿಸಲೂ ಆಗುವುದಿಲ್ಲ. ಭಾಗಿಸಿ, ಸ್ಥಿರಾಂಕವನ್ನು ಬಲಕ್ಕೆ ಕಳಿಸಿ.

x² + (b/a)x = −c/a

b/a ಯ ಅರ್ಧ b/2a. ಅದರ ವರ್ಗ b²/4a². ಎರಡೂ ಬದಿಗೆ ಕೂಡಿ.

(x + b/2a)² = b²/4a² − c/a

ಬಲಬದಿಯಲ್ಲಿ ಛೇದ ಒಂದೇ ಮಾಡಬೇಕು. ಮೊದಲು 1/3 ಅನ್ನು 12/36 ಮಾಡಿದೆವಲ್ಲ, ಅದೇ ಕೆಲಸ. c/a ಯ ಮೇಲೂ ಕೆಳಗೂ 4a ಯಿಂದ ಗುಣಿಸಿದರೆ 4ac/4a².

(x + b/2a)² = (b² − 4ac)/4a²

ಸೂತ್ರದಲ್ಲಿರುವ ಆ 4ac ಎಲ್ಲಿಂದ ಬಂತು ಎಂದು ಕೇಳುವವರಿಗೆ ಉತ್ತರ ಈ ಸಾಲು. ಅದು ಛೇದ ಸರಿಮಾಡುವಾಗ ಬಂದ 4a, c ಗೆ ಅಂಟಿಕೊಂಡದ್ದು.

ಈಗ ವರ್ಗಮೂಲ. ಇಲ್ಲೊಂದು ಸಣ್ಣ ತೊಡಕಿದೆ, ಬಹಳಷ್ಟು ಕಡೆ ಇದನ್ನು ಹೇಳದೆ ದಾಟಿಬಿಡುತ್ತಾರೆ. √(4a²) ಅಂದರೆ 2a ಎಂದು ಬರೆಯುತ್ತೇವೆ. ಆದರೆ a ಮೈನಸ್ ಸಂಖ್ಯೆ ಆಗಿದ್ದರೆ? a = −3 ಎಂದಿಟ್ಟುಕೊಳ್ಳಿ. 4a² = 36, ಅದರ ವರ್ಗಮೂಲ 6. 2a ಮಾತ್ರ −6. ಎರಡೂ ಒಂದೇ ಅಲ್ಲ. ಹಾಗಾದರೆ ಸೂತ್ರ a ಪ್ಲಸ್ ಇದ್ದಾಗ ಮಾತ್ರ ಸರಿಯೇ? ಅಲ್ಲ. ಮುಂದೆ ± ಇರುವುದರಿಂದ ನಾವು ಹೇಗೂ ಪ್ಲಸ್ ಮೈನಸ್ ಎರಡನ್ನೂ ತೆಗೆದುಕೊಳ್ಳುತ್ತೇವೆ. 6ರ ಬದಲು −6 ಹಾಕಿದರೆ ಎರಡು ಮೂಲಗಳು ಬರುವ ಕ್ರಮ ಅದಲುಬದಲಾಗುತ್ತದೆ, ಮೂಲಗಳು ಅವೇ ಇರುತ್ತವೆ.

x + b/2a = ±√(b² − 4ac)/2a

x = (−b ± √(b² − 4ac))/2a

ಇದೇ ಆ ಸೂತ್ರ. 3x² − 5x − 1 = 0 ಗೆ ಹಾಕಿ ನೋಡಿ. b = −5, ಹಾಗಾಗಿ −b = 5. b² − 4ac = 25 + 12 = 37. 2a = 6. ಮೇಲೆ ನಾಲ್ಕು ಹೆಜ್ಜೆಯಲ್ಲಿ ಬಂದ ಉತ್ತರವೇ ಬರುತ್ತದೆ, 37 ಕೂಡ ಅದೇ 37.

ಸೂತ್ರವನ್ನು ಒಂದು ಉದ್ದ ಗೆರೆಯ ಮೇಲೆ ಬರೆಯುವುದರಿಂದ ಅದರೊಳಗಿನ ಎರಡು ಭಾಗ ಕಾಣಿಸುವುದಿಲ್ಲ. ಬಿಡಿಸಿ ಬರೆದರೆ ಹೀಗಿದೆ.

x = −b/2a ± √(b² − 4ac)/2a

ಮೊದಲ ಭಾಗ, −b/2a, ಎರಡು ಮೂಲಗಳ ನಟ್ಟನಡುವಿನ ಬಿಂದು. ಎರಡನೆಯದು, ಆ ನಡುವಿನಿಂದ ಆಚೆಗೊಂದು ಈಚೆಗೊಂದು ಮೂಲ ಎಷ್ಟು ದೂರದಲ್ಲಿದೆ ಎಂಬ ಅಳತೆ. ನಮ್ಮ ಮೊದಲ ಉದಾಹರಣೆಯಲ್ಲಿ ನಡು −3, ದೂರ 2√5. ಅದರ ನಕ್ಷೆ ಬರೆದರೆ ಪರವಲಯ ತಿರುಗುವುದೂ x = −3 ರಲ್ಲೇ. 2a ಇಡೀ ಅಂಶದ ಕೆಳಗೆ ಬರಬೇಕು, ವರ್ಗಮೂಲದ ಕೆಳಗೆ ಮಾತ್ರ ಅಲ್ಲ ಎಂಬುದೂ ಇಲ್ಲಿ ಸ್ಪಷ್ಟ. ಕೈಬರಹದಲ್ಲಿ ಗೆರೆ ಗಿಡ್ಡ ಆಗಿ −b ಹೊರಗೆ ಉಳಿಯುವುದು ತುಂಬಾ ಸಾಮಾನ್ಯ. ಹಾಗಾದಾಗ ಮೂಲಗಳ ಮೊತ್ತ −b/a ಬದಲು −2b ಆಗುತ್ತದೆ, ಮೊತ್ತದ ಪರೀಕ್ಷೆ ಇದನ್ನು ಹಿಡಿದುಕೊಡುತ್ತದೆ.

b² − 4ac ಗೆ ಶೋಧಕ ಎಂದು ಹೆಸರು. ಇದರ ಬಗ್ಗೆ ಪ್ರತ್ಯೇಕ ನಿಯಮ ಬಾಯಿಪಾಠ ಮಾಡಬೇಕಿಲ್ಲ, ವರ್ಗ ಪೂರ್ಣಗೊಂಡ ಸಾಲನ್ನು ನೋಡಿದರೆ ಸಾಕು. x² + 4x + 7 = 0 ತೆಗೆದುಕೊಳ್ಳಿ. ವರ್ಗ ಪೂರ್ಣಗೊಳಿಸಿದರೆ (x + 2)² = −3. ಯಾವ ವಾಸ್ತವ ಸಂಖ್ಯೆಯ ವರ್ಗವೂ ಮೈನಸ್ ಆಗುವುದಿಲ್ಲ, ಹಾಗಾಗಿ ವಾಸ್ತವ ಮೂಲ ಇಲ್ಲ. ಬಲಬದಿ ಸೊನ್ನೆ ಆದರೆ ನಡುವಿನಿಂದ ದೂರವೇ ಇಲ್ಲ, ಎರಡು ಮೂಲಗಳೂ ಒಂದೇ ಕಡೆ ಬಂದು ಕೂರುತ್ತವೆ.

ಭಿನ್ನರಾಶಿ ಇಲ್ಲದೆ ಅದೇ ಕೆಲಸ

5/6, 25/36 ಎಂದೆಲ್ಲ ಬರೆಯುವಾಗ ಕಿರಿಕಿರಿ ಆಗಿರಬಹುದು. ಭಾರತದ ಗಣಿತಜ್ಞ ಶ್ರೀಧರಾಚಾರ್ಯ ಇದಕ್ಕೆ ಒಂದು ಜಾಣ ದಾರಿ ಹೇಳಿದ್ದಾನೆ. ಅವನ ಬೀಜಗಣಿತದ ಗ್ರಂಥ ಉಳಿದಿಲ್ಲ. ಈ ನಿಯಮ ನಮಗೆ ಸಿಕ್ಕಿರುವುದು 12ನೇ ಶತಮಾನದ ಎರಡನೇ ಭಾಸ್ಕರ ಅದನ್ನು ಉದ್ಧರಿಸಿದ್ದರಿಂದ. ನಿಯಮದ ತಿರುಳು ಇಷ್ಟು: ಎರಡೂ ಬದಿಯನ್ನು 4a ಯಿಂದ ಗುಣಿಸಿ, ಆಮೇಲೆ ಎರಡೂ ಬದಿಗೆ b² ಕೂಡಿ.

ನಮ್ಮ ಸಮೀಕರಣವನ್ನೇ ಮತ್ತೆ ಮಾಡೋಣ. a = 3, ಹಾಗಾಗಿ 12ರಿಂದ ಗುಣಿಸಬೇಕು.

3x² − 5x = 1

36x² − 60x = 12

36x² − 60x + 25 = 37

(6x − 5)² = 37

6x − 5 = ±√37

x = (5 ± √37)/6

ಒಂದೇ ಒಂದು ಭಿನ್ನರಾಶಿ, ಅದೂ ಕೊನೆಯ ಸಾಲಿನಲ್ಲಿ. 4a ಯಿಂದಲೇ ಗುಣಿಸಬೇಕೇಕೆ? ಸುಮ್ನೆ a ಯಿಂದ ಗುಣಿಸಿದರೂ ಮೊದಲ ಪದ a²x² ಆಗಿ ವರ್ಗವಾಗುತ್ತದೆ, ಅದರ ಬಾಹು ax. ಆಗ ನಡುವಿನ ಪದ abx. ಅದನ್ನು ಎರಡು ಪಟ್ಟಿ ಮಾಡಲು b ಯನ್ನು ಅರ್ಧ ಮಾಡಬೇಕು, b ಬೆಸ ಸಂಖ್ಯೆ ಆಗಿದ್ದರೆ ಭಿನ್ನರಾಶಿ ಮತ್ತೆ ಬಂತು. ಜೊತೆಗೆ 4ರಿಂದ ಗುಣಿಸಿದರೆ ಬಾಹು 2ax ಆಗುತ್ತದೆ, ನಡುವಿನ ಪದ 4abx. ಅದರ ಅರ್ಧ 2abx, ಅಂದರೆ 2ax ಉದ್ದ, b ಅಗಲದ ಪಟ್ಟಿ. ಮೂಲೆ ಸರಿಯಾಗಿ b². ಅಕ್ಷರದಲ್ಲಿ ಬರೆದರೆ:

4a²x² + 4abx = −4ac

(2ax + b)² = b² − 4ac

ಇಲ್ಲಿಂದ ಸೂತ್ರಕ್ಕೆ ಎರಡೇ ಹೆಜ್ಜೆ. ಛೇದದ ವರ್ಗಮೂಲ ತೆಗೆಯುವ ಪ್ರಶ್ನೆಯೇ ಇಲ್ಲದ್ದರಿಂದ a ಪ್ಲಸ್ಸೋ ಮೈನಸ್ಸೋ ಎಂಬ ತೊಡಕೂ ಬರುವುದಿಲ್ಲ. ಸೂತ್ರವನ್ನು ಸಾಧಿಸಿ ತೋರಿಸಲು ನನಗೆ ಈ ದಾರಿಯೇ ಜಾಸ್ತಿ ಇಷ್ಟ. ಮೊದಲ ಸಲ ಕಲಿಯುವವರಿಗೆ ಮಾತ್ರ ಭಾಗಿಸುವ ದಾರಿಯೇ ಇರಲಿ. 4a ಎಲ್ಲಿಂದ ಬಂತು ಎಂಬುದು ಅರ್ಧ ಮಾಡುವ ಕಷ್ಟ ಗೊತ್ತಿದ್ದವರಿಗಷ್ಟೇ ಅರ್ಥವಾಗುತ್ತದೆ.

ಯಾವಾಗ ಯಾವುದು

ಅಪವರ್ತನ ಕಣ್ಣಿಗೆ ಕಂಡರೆ ಅದನ್ನೇ ಮಾಡಿ. a = 1 ಇದ್ದು b ಸಮಸಂಖ್ಯೆ ಆಗಿದ್ದರೆ ವರ್ಗ ಪೂರ್ಣಗೊಳಿಸುವುದು ಸೂತ್ರಕ್ಕಿಂತ ಬೇಗ ಮುಗಿಯುತ್ತದೆ. x² + 6x − 11 = 0 ಗೆ ಸೂತ್ರ ಹಾಕಿದರೆ √80 ಬರುತ್ತದೆ, ಅದನ್ನು ಸರಳಗೊಳಿಸಿ 2ರಿಂದ ಭಾಗಿಸುವ ಕೆಲಸ ಉಳಿಯುತ್ತದೆ. ಉಳಿದೆಲ್ಲಕ್ಕೂ ಸೂತ್ರ. ಸೂತ್ರಕ್ಕೆ ಹಾಕುವ ಮೊದಲು ಎಲ್ಲ ಪದಗಳೂ ಒಂದೇ ಬದಿಯಲ್ಲಿವೆಯೇ ನೋಡಿಕೊಳ್ಳಿ. 3x² = 5x + 1 ಎಂದು ಕೊಟ್ಟಿದ್ದಾಗ b = 5, c = 1 ಎಂದು ಓದಿದರೆ b² − 4ac = 13 ಬರುತ್ತದೆ, ಉತ್ತರ ಎಲ್ಲಿಗೋ ಹೋಗುತ್ತದೆ. ಕ್ಯಾಲ್ಕುಲೇಟರಿನಲ್ಲಿ b² ಹಾಕುವಾಗ −5 ಅನ್ನು ಆವರಣದಲ್ಲಿ ಹಾಕಿ. ಆವರಣ ಇಲ್ಲದಿದ್ದರೆ ಬಹುತೇಕ ಕ್ಯಾಲ್ಕುಲೇಟರುಗಳು 5ರ ವರ್ಗ ಮಾಡಿ ಆಮೇಲೆ ಮೈನಸ್ ಹಚ್ಚುತ್ತವೆ, −25 ಬರುತ್ತದೆ.

ದಶಮಾಂಶದಲ್ಲಿ ಉತ್ತರ ಬೇಕಾದಾಗ ಸೂತ್ರವೂ ಒಂದು ಕಡೆ ಕೈಕೊಡುತ್ತದೆ. x² − 200x + 1 = 0 ನೋಡಿ. ಶೋಧಕ 39996, ಅದರ ವರ್ಗಮೂಲ ಸುಮಾರು 199.99. ಇದನ್ನು ಒಂದು ದಶಮಾಂಶ ಸ್ಥಾನಕ್ಕೆ ಸರಿಮಾಡಿ 200.0 ಎಂದು ತೆಗೆದುಕೊಂಡಿರಿ ಎನ್ನಿ. ದೊಡ್ಡ ಮೂಲ (200 + 200)/2 = 200, ಇದು ಹೆಚ್ಚುಕಡಿಮೆ ಸರಿಯೇ. ಚಿಕ್ಕ ಮೂಲ (200 − 200)/2 = 0. ಆದರೆ x = 0 ಹಾಕಿದರೆ ಸಮೀಕರಣದ ಎಡಬದಿ 1 ಆಗುತ್ತದೆ, ಸೊನ್ನೆ ಅಲ್ಲ. ಹೆಚ್ಚುಕಡಿಮೆ ಸಮ ಇರುವ ಎರಡು ಸಂಖ್ಯೆಗಳನ್ನು ಕಳೆದಾಗ, ಸರಿಮಾಡುವಾಗ ಬಿಟ್ಟ ಆ ಪುಟ್ಟ ಅಂಶವೇ ಇಡೀ ಉತ್ತರವಾಗಿತ್ತು.

ಇಂಥ ಕಡೆ ಕಳೆಯುವ ಲೆಕ್ಕವನ್ನೇ ಬಿಟ್ಟುಬಿಡಿ. ದೊಡ್ಡ ಮೂಲವನ್ನು ಸೂತ್ರದಿಂದ ತೆಗೆಯಿರಿ. ಮೂಲಗಳ ಗುಣಲಬ್ಧ c/a, ಇಲ್ಲಿ ಅದು 1. ಹಾಗಾಗಿ ಚಿಕ್ಕ ಮೂಲ 1/200, ಅಂದರೆ 0.005. ನಿಜವಾದ ಬೆಲೆ 0.005000125, ಅದೇ ಒರಟು 200 ಬಳಸಿಯೂ ಇಷ್ಟು ಹತ್ತಿರ ಬಂದೆವು.